ಫೋಟೊದಲ್ಲಿರುವ ದೂರ–ಕಾಲ ನಕ್ಷೆಯಿಂದ ಪ್ರತಿ ಹಂತದ ಜವವನ್ನು ಕಂಡುಹಿಡಿಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಒಂಬತ್ತನೆಯ ತರಗತಿಯ ವಿಜ್ಞಾನದಲ್ಲಿ ಚಲನೆಯ ಪಾಠ ಓದುವ ಮಕ್ಕಳಿಗೆ ದೂರ–ಕಾಲ ನಕ್ಷೆ ಈಗ ಬಹುಪಾಲು ಫೋಟೊ ರೂಪದಲ್ಲೇ ಸಿಗುತ್ತದೆ. ಯಾರೋ ಪುಸ್ತಕದ ಪುಟವನ್ನೋ ಗ್ರಾಫ್ ಹಾಳೆಯನ್ನೋ ಮೊಬೈಲಿನಲ್ಲಿ ತೆಗೆದು ಕಳಿಸಿರುತ್ತಾರೆ. ಅದರಲ್ಲಿ ಗೆರೆ ಮೂರು ನಾಲ್ಕು ಕಡೆ ತಿರುಗಿರುತ್ತದೆ. ಪ್ರತಿ ಹಂತದ ಜವ ಎಷ್ಟು ಎಂಬುದು ಪ್ರಶ್ನೆ. ಕೈಯಲ್ಲಿರುವ ಹಾಳೆಗೂ ಅದರ ಫೋಟೊಗೂ ಇರುವ ವ್ಯತ್ಯಾಸ ಎಲ್ಲಿ ಲೆಕ್ಕವನ್ನು ಕೆಡಿಸುತ್ತದೆ, ಎಲ್ಲಿ ಕೆಡಿಸುವುದಿಲ್ಲ ಎಂಬುದನ್ನು ಒಂದೇ ಉದಾಹರಣೆ ಹಿಡಿದು ಕೆಳಗೆ ವಿವರಿಸಲಾಗಿದೆ.

ಉದಾಹರಣೆಯ ನಕ್ಷೆ ಹೀಗಿದೆ. ಒಬ್ಬ ಹುಡುಗಿ ಮನೆಯಿಂದ ಸೈಕಲ್ಲಿನಲ್ಲಿ ಹೊರಟು 40 ನಿಮಿಷಗಳಲ್ಲಿ ಶಾಲೆ ತಲುಪುತ್ತಾಳೆ. ಅಡ್ಡ ಅಕ್ಷದಲ್ಲಿ ಕಾಲವಿದೆ, 1 ಸೆಂ.ಮೀ. ಎಂದರೆ 5 ನಿಮಿಷ. ಲಂಬ ಅಕ್ಷದಲ್ಲಿ ಚಲಿಸಿದ ದೂರವಿದೆ, 1 ಸೆಂ.ಮೀ. ಎಂದರೆ 1 ಕಿ.ಮೀ. ಗೆರೆಯು ಮೂಲಬಿಂದು O ದಿಂದ A ವರೆಗೆ ಏರುತ್ತದೆ, A ಯಿಂದ B ವರೆಗೆ ಮಟ್ಟಸವಾಗಿ ಸಾಗುತ್ತದೆ, B ಯಿಂದ C ಗೆ ಕಡಿದಾಗಿ ಏರಿ, C ಯಿಂದ D ಗೆ ನಿಧಾನವಾಗಿ ಏರುತ್ತದೆ.

ಒಂದು ಹಂತದ ಜವ ಎಂದರೆ ನಕ್ಷೆಯಲ್ಲಿ ನಿಖರವಾಗಿ ಏನು?

ಆ ಹಂತದ ಗೆರೆಯ ಇಳಿಜಾರು. ಗೆರೆಯ ಮೇಲಿನ ಯಾವುದಾದರೂ ಎರಡು ಬಿಂದುಗಳನ್ನು ತೆಗೆದುಕೊಂಡು, ಅವುಗಳ ದೂರಗಳ ವ್ಯತ್ಯಾಸವನ್ನು ಕಾಲಗಳ ವ್ಯತ್ಯಾಸದಿಂದ ಭಾಗಿಸಬೇಕು:

v = (s₂ − s₁) / (t₂ − t₁)

ಇಲ್ಲಿ s ಮತ್ತು t ಎರಡೂ ಅಕ್ಷಗಳ ಮೇಲೆ ಓದಿದ ಬೆಲೆಗಳೇ ಆಗಿರಬೇಕು, ಅಂದರೆ ಕಿಲೋಮೀಟರು ಮತ್ತು ನಿಮಿಷ. ಪರದೆಯ ಮೇಲೆ ಅಳೆದ ಸೆಂಟಿಮೀಟರುಗಳಲ್ಲ. ಫೋಟೊದಿಂದ ಲೆಕ್ಕ ಮಾಡುವಾಗ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಈ ಒಂದು ಮಾತನ್ನು ಮರೆತದ್ದರಿಂದಲೇ ಹುಟ್ಟುತ್ತವೆ.

ಫೋಟೊ ತೆರೆದ ಮೇಲೆ ಮೊದಲು ಏನನ್ನು ನೋಡಬೇಕು?

ಗೆರೆಯನ್ನಲ್ಲ, ಅಕ್ಷಗಳನ್ನು. ಎರಡೂ ಅಕ್ಷಗಳಲ್ಲಿ ಪಕ್ಕಪಕ್ಕದ ಎರಡು ಸಂಖ್ಯೆಗಳನ್ನು ಹುಡುಕಿ, ಅವುಗಳ ನಡುವೆ ಎಷ್ಟು ಸಣ್ಣ ಚೌಕಗಳಿವೆ ಎಂದು ಫೋಟೊವನ್ನು ಹಿಗ್ಗಿಸಿ ಎಣಿಸಿಕೊಳ್ಳಬೇಕು. ನಮ್ಮ ನಕ್ಷೆಯಲ್ಲಿ ಪ್ರತಿ ಸೆಂಟಿಮೀಟರಿಗೆ ಹತ್ತು ಸಣ್ಣ ಚೌಕಗಳಿರುವುದರಿಂದ, ಅಡ್ಡ ಅಕ್ಷದ ಒಂದು ಸಣ್ಣ ಚೌಕ 0.5 ನಿಮಿಷ, ಲಂಬ ಅಕ್ಷದ ಒಂದು ಸಣ್ಣ ಚೌಕ 0.1 ಕಿ.ಮೀ. ಇವೆರಡು ಬೆಲೆಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಂಡೇ ಮುಂದುವರಿಯುವುದು ಒಳ್ಳೆಯದು, ಏಕೆಂದರೆ ಎರಡು ಅಕ್ಷಗಳ ಪ್ರಮಾಣ ಒಂದೇ ಆಗಿರುವುದು ಅಪರೂಪ, ಮತ್ತು ಎಣಿಸುವ ಅವಸರದಲ್ಲಿ ಒಂದರ ಬೆಲೆಯನ್ನು ಇನ್ನೊಂದಕ್ಕೆ ಹಾಕಿಬಿಡುವುದು ತೀರ ಸುಲಭ.

ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊದಲ್ಲಿ ಸಣ್ಣ ಚೌಕಗಳ ಗೆರೆಗಳು ಮಸುಕಾಗಿ ಒಂದರೊಳಗೊಂದು ಕಲೆತುಹೋಗಿದ್ದರೆ, ಕಳಿಸಿದವರಿಗೆ ಅದೇ ಫೋಟೊವನ್ನು ಡಾಕ್ಯುಮೆಂಟ್ ಆಗಿ ಮತ್ತೆ ಕಳಿಸಲು ಹೇಳಿ. ಫೋಟೊ ಆಗಿ ಕಳಿಸಿದಾಗ ಚಿತ್ರವನ್ನು ಕುಗ್ಗಿಸಲಾಗುತ್ತದೆ. ಮೊದಲು ಅಳಿಸಿಹೋಗುವುದು ಈ ಸಣ್ಣ ಗೆರೆಗಳೇ.

ಒಂದು ಹಂತ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂದು ಹೇಗೆ ಗುರುತಿಸುವುದು? ಮೂಲೆಗಳು ಸ್ಪಷ್ಟವಾಗಿಲ್ಲ.

ಗೆರೆಯ ಇಳಿಜಾರು ಬದಲಾಗುವ ಜಾಗವೇ ಹಂತದ ಗಡಿ. ಅಚ್ಚಾದ ನಕ್ಷೆಯಲ್ಲಿ ಅದು ಚೂಪಾದ ಮೂಲೆಯಾಗಿರುತ್ತದೆ. ಕೈಯಿಂದ ಬರೆದ ನಕ್ಷೆಯಲ್ಲಿ ಪೆನ್ಸಿಲ್ ಹೊರಳಿ ಮೂಲೆ ದುಂಡಗಾಗಿರುವುದೂ ಉಂಟು, ಮೂಲೆಯ ಮೇಲೆ ದಪ್ಪ ಚುಕ್ಕೆ ಇಟ್ಟು ಎರಡು ಚೌಕಗಳನ್ನು ಮುಚ್ಚಿರುವುದೂ ಉಂಟು.

ಜವ ಮಾತ್ರ ಬೇಕಿದ್ದರೆ ಮೂಲೆಯ ಗೊಡವೆಗೇ ಹೋಗಬೇಕಾಗಿಲ್ಲ. ನೇರ ಗೆರೆಯ ಇಳಿಜಾರು ಎಲ್ಲೆಡೆ ಒಂದೇ ಆಗಿರುವುದರಿಂದ, ಮೂಲೆಗಳಿಂದ ತುಸು ಒಳಗೆ, ಗೆರೆಯು ಚೌಕಗಳ ಛೇದಕ್ಕೆ ಸರಿಯಾಗಿ ಬೀಳುವ ಎರಡು ಬಿಂದುಗಳನ್ನು ಆರಿಸಿಕೊಂಡರೆ ಓದುವಿಕೆ ಮೂಲೆಗಿಂತ ಹೆಚ್ಚು ಖಚಿತವಾಗಿರುತ್ತದೆ. ಆದರೆ ಆ ಎರಡು ಬಿಂದುಗಳು ಒಂದಕ್ಕೊಂದು ಸಾಧ್ಯವಾದಷ್ಟು ದೂರವಿರಲಿ. ಹಂತ ಎಷ್ಟು ಹೊತ್ತು ನಡೆಯಿತು ಎಂಬುದೂ ಬೇಕಾದರೆ, ಎರಡೂ ಬದಿಯ ನೇರ ಗೆರೆಗಳನ್ನು ಅಳತೆಪಟ್ಟಿಯ ಅಂಚಿನಿಂದ ಮುಂದುವರಿಸಿ, ಅವು ಸೇರುವ ಬಿಂದುವನ್ನೇ ಮೂಲೆ ಎಂದು ತೆಗೆದುಕೊಳ್ಳಬೇಕು.

ಉದಾಹರಣೆಯ ನಕ್ಷೆಯ ನಾಲ್ಕು ಹಂತಗಳ ಲೆಕ್ಕವನ್ನು ಪೂರ್ತಿ ತೋರಿಸುವಿರಾ?

ನಕ್ಷೆಯಿಂದ ಓದಿದ ಬಿಂದುಗಳು ಇವು: O ಎಂಬುದು 0 ನಿಮಿಷ, 0 ಕಿ.ಮೀ.; A ಎಂಬುದು 10 ನಿಮಿಷ, 2.0 ಕಿ.ಮೀ.; B ಎಂಬುದು 16 ನಿಮಿಷ, 2.0 ಕಿ.ಮೀ.; C ಎಂಬುದು 28 ನಿಮಿಷ, 5.0 ಕಿ.ಮೀ.; D ಎಂಬುದು 40 ನಿಮಿಷ, 6.2 ಕಿ.ಮೀ.

ಮೊದಲ ಹಂತದಲ್ಲಿ 10 ನಿಮಿಷಕ್ಕೆ 2.0 ಕಿ.ಮೀ. ಸಾಗಿದ್ದರಿಂದ ಇಳಿಜಾರು ನಿಮಿಷಕ್ಕೆ 0.2 ಕಿ.ಮೀ.; 60ರಿಂದ ಗುಣಿಸಿದರೆ ಗಂಟೆಗೆ 12 ಕಿ.ಮೀ. ಎರಡನೆಯ ಹಂತದಲ್ಲಿ 6 ನಿಮಿಷ ಕಳೆದರೂ ದೂರ ಹೆಚ್ಚಲಿಲ್ಲ, ಆದ್ದರಿಂದ ಜವ ಸೊನ್ನೆ, ಹುಡುಗಿ ನಿಂತಿದ್ದಾಳೆ. ಮೂರನೆಯ ಹಂತದಲ್ಲಿ ದೂರದ ವ್ಯತ್ಯಾಸ 5.0 − 2.0 = 3.0 ಕಿ.ಮೀ., ಕಾಲದ ವ್ಯತ್ಯಾಸ 28 − 16 = 12 ನಿಮಿಷ; ಇಳಿಜಾರು ನಿಮಿಷಕ್ಕೆ 0.25 ಕಿ.ಮೀ., ಅಂದರೆ ಗಂಟೆಗೆ 15 ಕಿ.ಮೀ. ಕೊನೆಯ ಹಂತದಲ್ಲಿ 12 ನಿಮಿಷಕ್ಕೆ 1.2 ಕಿ.ಮೀ.; ನಿಮಿಷಕ್ಕೆ 0.1 ಕಿ.ಮೀ., ಗಂಟೆಗೆ 6 ಕಿ.ಮೀ. ಏರುದಾರಿಯಲ್ಲಿ ಸೈಕಲ್ಲನ್ನು ನಿಧಾನವಾಗಿ ತುಳಿದುಕೊಂಡು ಹೋದರೆ ಹೆಚ್ಚುಕಡಿಮೆ ಇಷ್ಟೇ ಜವ ಬರುತ್ತದೆ, ಆದ್ದರಿಂದ ಉತ್ತರ ನಂಬುವಂತಿದೆ. ಉತ್ತರವನ್ನು ಸೆಕೆಂಡಿಗೆ ಮೀಟರುಗಳಲ್ಲಿ ಕೇಳಿದ್ದರೆ ಗಂಟೆಯ ಬೆಲೆಯನ್ನು 3.6ರಿಂದ ಭಾಗಿಸಬೇಕು: 12 ಎಂಬುದು 3.33 ಆಗುತ್ತದೆ, 15 ಎಂಬುದು 4.17, 6 ಎಂಬುದು 1.67.

ಮೂರನೆಯ ಹಂತದ ಜವವನ್ನು ಹುಡುಕುವಾಗ C ಬಿಂದುವಿನ 5.0 ಕಿ.ಮೀ.ಯನ್ನು ನೇರವಾಗಿ 28 ನಿಮಿಷದಿಂದ ಭಾಗಿಸುವವರು ಬಹಳ ಮಂದಿ. ಹಾಗೆ ಮಾಡಿದರೆ ಗಂಟೆಗೆ 10.7 ಕಿ.ಮೀ. ಬರುತ್ತದೆ. ಅದು ಮನೆಯಿಂದ C ವರೆಗಿನ ಒಟ್ಟು ಪ್ರಯಾಣದ ಸರಾಸರಿ ಜವವೇ ಹೊರತು ಮೂರನೆಯ ಹಂತದ್ದಲ್ಲ.

ಪರದೆಯ ಮೇಲೆ ಕೋನಮಾಪಕ ಇಟ್ಟು ಗೆರೆಯ ಕೋನ ಅಳೆದು tan θ ತೆಗೆದರೆ ಆಗದೇ?

ಆಗದು. ನಮ್ಮ ನಕ್ಷೆಯ ಮೊದಲ ಹಂತವನ್ನೇ ನೋಡಿ: 10 ನಿಮಿಷಕ್ಕೆ 2 ಸೆಂ.ಮೀ., 2 ಕಿ.ಮೀ.ಗೂ 2 ಸೆಂ.ಮೀ.; ಆದ್ದರಿಂದ ಗೆರೆ ಸರಿಯಾಗಿ 45 ಡಿಗ್ರಿಯಲ್ಲಿ ನಿಲ್ಲುತ್ತದೆ. tan 45° = 1. ಈ 1 ಯಾವುದರ ಬೆಲೆ? ಗಂಟೆಗೆ 1 ಕಿ.ಮೀ. ಅಲ್ಲ, ನಿಮಿಷಕ್ಕೆ 1 ಕಿ.ಮೀ.ಯೂ ಅಲ್ಲ, ಒಂದು ಸೆಂಟಿಮೀಟರು ಅಡ್ಡಕ್ಕೆ ಹೋದರೆ ಒಂದು ಸೆಂಟಿಮೀಟರು ಮೇಲಕ್ಕೆ ಏರುತ್ತದೆ ಎಂದಷ್ಟೇ ಅದರ ಅರ್ಥ. ಅದೇ ಪ್ರಯಾಣವನ್ನು ಬೇರೆ ಪ್ರಮಾಣ ಹಿಡಿದು ಬರೆದರೆ ಕೋನ ಬದಲಾಗುತ್ತದೆ, ಹುಡುಗಿಯ ಜವ ಬದಲಾಗುವುದಿಲ್ಲ. 1 ಎಂಬ ಬೆಲೆಯನ್ನು ‘5 ನಿಮಿಷಕ್ಕೆ 1 ಕಿ.ಮೀ.’ ಎಂಬ ಪ್ರಮಾಣದಿಂದ ಗುಣಿಸಿದ ಮೇಲೆಯೇ ನಿಮಿಷಕ್ಕೆ 0.2 ಕಿ.ಮೀ. ಸಿಗುತ್ತದೆ.

ಕೋನಗಳನ್ನು ಹೋಲಿಸುವುದೂ ಅಪಾಯಕರ. ನಮ್ಮ ನಕ್ಷೆಯಲ್ಲಿ ಮೂರನೆಯ ಹಂತದ ಗೆರೆ ಸುಮಾರು 51 ಡಿಗ್ರಿಯಲ್ಲಿದೆ, ನಾಲ್ಕನೆಯದು ಸುಮಾರು 27 ಡಿಗ್ರಿಯಲ್ಲಿದೆ. ಕೋನ ಹೆಚ್ಚುಕಡಿಮೆ ಎರಡರಷ್ಟಿದೆ ಎಂದು ಜವವೂ ಎರಡರಷ್ಟು ಎಂದುಕೊಂಡರೆ ತಪ್ಪಾಗುತ್ತದೆ. ನಿಜವಾದ ಜವ ಎರಡೂವರೆ ಪಟ್ಟು. ಹೆಚ್ಚು ಕಡಿದಾದ ಗೆರೆ ಹೆಚ್ಚು ಜವವನ್ನು ತೋರಿಸುತ್ತದೆ ಎಂಬಷ್ಟನ್ನು ಮಾತ್ರ ಕಣ್ಣಂದಾಜಿನಿಂದ ಹೇಳಬಹುದು, ಅದೂ ಎರಡೂ ಗೆರೆಗಳು ಒಂದೇ ಜೋಡಿ ಅಕ್ಷಗಳ ಮೇಲೆ ಇದ್ದಾಗ.

ಫೋಟೊ ವಾಲಿಕೊಂಡಿದೆ. ಇದರಿಂದ ಉತ್ತರ ಎಷ್ಟು ಬದಲಾಗುತ್ತದೆ?

ಚೌಕಗಳನ್ನು ಎಣಿಸಿ ಓದುವವರಿಗೆ ಏನೂ ಬದಲಾಗುವುದಿಲ್ಲ, ಏಕೆಂದರೆ ಗೆರೆಯ ಜೊತೆಗೆ ಚೌಕಗಳೂ ಅಷ್ಟೇ ವಾಲಿರುತ್ತವೆ. A ಬಿಂದುವಿನಿಂದ ಅಕ್ಷಕ್ಕೆ ಇಳಿಯುವಾಗ ಪರದೆಯ ಅಂಚಿಗೆ ಸಮಾಂತರವಾಗಿ ಇಳಿಯದೆ, ನಕ್ಷೆಯ ಲಂಬ ಗೆರೆಯನ್ನೇ ಹಿಡಿದು ಇಳಿದರೆ ಸಾಕು.

ಪರದೆಯ ಮೇಲೆ ನೇರವಾಗಿ ಅಡ್ಡಕ್ಕೂ ಉದ್ದಕ್ಕೂ ಅಳೆಯುವವರಿಗೆ ಮಾತ್ರ ಇದು ದೊಡ್ಡ ತೊಂದರೆ. ಬಲಗಡೆ ಮೇಲಕ್ಕೆ ಎದ್ದಂತೆ ಚಿತ್ರ 5 ಡಿಗ್ರಿ ತಿರುಗಿದೆ ಎನ್ನಿ. ಆಗ 12 ಇರಬೇಕಾದ ಮೊದಲ ಹಂತದ ಜವ 14.3 ಎಂದು ಬರುತ್ತದೆ, 15 ಇರಬೇಕಾದದ್ದು 18 ಆಗುತ್ತದೆ, 6 ಇರಬೇಕಾದದ್ದು 7.4 ಆಗುತ್ತದೆ, ನಿಂತೇ ಇದ್ದ ಹುಡುಗಿ ಗಂಟೆಗೆ ಸುಮಾರು 1 ಕಿ.ಮೀ. ಜವದಲ್ಲಿ ತೆವಳಿದಂತೆ ಕಾಣುತ್ತಾಳೆ. ಐದು ಡಿಗ್ರಿ ಎಂಬುದು ಕಣ್ಣಿಗೆ ಅಷ್ಟಾಗಿ ತಟ್ಟದ ವಾಲು. ಈ ದೋಷವನ್ನು ಹಿಡಿಯಲು ನಿಂತಿರುವ ಹಂತವೇ ಒಳ್ಳೆಯ ಸಾಕ್ಷಿ: ಅದು ನಕ್ಷೆಯ ಅಡ್ಡ ಗೆರೆಗಳಿಗೆ ಸಮಾಂತರವಾಗಿದ್ದೂ ಪರದೆಯ ಕೆಳಅಂಚಿಗೆ ಸಮಾಂತರವಾಗಿಲ್ಲದಿದ್ದರೆ, ವಾಲಿರುವುದು ಫೋಟೊ.

ಮೇಜಿನ ಮೇಲಿದ್ದ ಹಾಳೆಯನ್ನು ಓರೆಯಾಗಿ ತೆಗೆದಿದ್ದಾರೆ. ಮೇಲಿನ ಚೌಕಗಳು ಚಿಕ್ಕದಾಗಿ, ಕೆಳಗಿನವು ದೊಡ್ಡದಾಗಿ ಕಾಣುತ್ತವೆ. ಈ ಫೋಟೊ ಉಪಯೋಗಕ್ಕೆ ಬರುತ್ತದೆಯೇ?

ಬರುತ್ತದೆ, ಆದರೆ ಎಚ್ಚರ ಬೇಕು. ನನ್ನ ಅನುಭವದಲ್ಲಿ ವಾಲಿದ ಫೋಟೊಗಿಂತ ಈ ಬಗೆಯದು ಹೆಚ್ಚು ಮೋಸಗೊಳಿಸುತ್ತದೆ, ಏಕೆಂದರೆ ಚಿತ್ರ ನೋಡಲು ನೇರವಾಗಿಯೇ ಇರುತ್ತದೆ.

ಕ್ಯಾಮೆರಾದಿಂದ ಹಾಳೆಯ ಮೇಲಂಚು ದೂರ, ಕೆಳಅಂಚು ಹತ್ತಿರ ಇರುವುದರಿಂದ ಒಂದೊಂದು ಸೆಂಟಿಮೀಟರು ಚಿತ್ರದಲ್ಲಿ ಹಿಡಿಯುವ ಜಾಗ ಮೇಲಕ್ಕೆ ಹೋದಂತೆ ಕಡಿಮೆಯಾಗುತ್ತದೆ. ನಮ್ಮ ನಕ್ಷೆಯ ಅಂಥ ಒಂದು ಫೋಟೊದಲ್ಲಿ ಲಂಬ ಅಕ್ಷದ ಮೊದಲ ಕಿಲೋಮೀಟರು 220 ಪಿಕ್ಸೆಲ್, ಎರಡನೆಯದು 212, ಮೂರನೆಯದು 204, ಹೀಗೆ ಇಳಿಯುತ್ತಾ ಆರನೆಯದು 180 ಪಿಕ್ಸೆಲ್ ಇದೆ ಎಂದು ಭಾವಿಸೋಣ. 0ಯಿಂದ 6ರವರೆಗೆ ಒಟ್ಟು 1200 ಪಿಕ್ಸೆಲ್. ಯಾರಾದರೂ ಈ ಎರಡು ತುದಿಗಳನ್ನು ಮಾತ್ರ ನೋಡಿ, ಒಂದು ಕಿಲೋಮೀಟರಿಗೆ 200 ಪಿಕ್ಸೆಲ್ ಎಂದು ಸಮನಾಗಿ ಹಂಚಿದರೆ, A ಬಿಂದುವಿನ 2.0 ಕಿ.ಮೀ. 2.16 ಎಂದು ಬರುತ್ತದೆ, C ಬಿಂದುವಿನ 5.0 ಕಿ.ಮೀ. 5.10 ಎಂದು ಬರುತ್ತದೆ. ಕಾಲವನ್ನು ಸರಿಯಾಗಿಯೇ ಓದಿದ್ದರೂ ಮೊದಲ ಹಂತದ ಜವ 12ರ ಬದಲು ಸುಮಾರು 13, ಮೂರನೆಯದು 15ರ ಬದಲು 14.7, ಕೊನೆಯದು 6ರ ಬದಲು 5.4 ಆಗುತ್ತದೆ. ದೋಷ ಎಲ್ಲ ಹಂತಗಳಿಗೂ ಒಂದೇ ದಿಕ್ಕಿನಲ್ಲಿ ಇಲ್ಲ ಎಂಬುದನ್ನು ಗಮನಿಸಿ: ನಕ್ಷೆಯ ತಳದಲ್ಲಿರುವ ಹಂತದ ಜವ ಹಿಗ್ಗುತ್ತದೆ, ತುದಿಯಲ್ಲಿರುವುದರ ಜವ ಕುಗ್ಗುತ್ತದೆ. ಹಾಗಾಗಿ ಕೊನೆಯಲ್ಲಿ ಒಂದೇ ಸಂಖ್ಯೆಯಿಂದ ಗುಣಿಸಿ ಎಲ್ಲವನ್ನೂ ಸರಿಪಡಿಸಲು ಬರುವುದಿಲ್ಲ.

ಇದಕ್ಕೆ ಪರಿಹಾರ ಸರಳವಾಗಿದೆ. ದೂರದ ಎರಡು ತುದಿಗಳ ನಡುವೆ ಹಂಚುವುದನ್ನು ಬಿಟ್ಟು, ಬಿಂದುವಿಗೆ ಅತಿ ಹತ್ತಿರದ ಎರಡು ಗೆರೆಗಳ ನಡುವೆ ಮಾತ್ರ ಅಂದಾಜು ಮಾಡಬೇಕು. D ಬಿಂದು 6 ಕಿ.ಮೀ. ಗೆರೆಯಿಂದ ಮೇಲೆ ಎರಡು ಸಣ್ಣ ಚೌಕಗಳಷ್ಟಿದ್ದರೆ ಅದು 6.2, ಆ ಚೌಕಗಳು ಚಿತ್ರದಲ್ಲಿ ಎಷ್ಟು ದೊಡ್ಡವು ಎಂಬುದು ಮುಖ್ಯವೇ ಅಲ್ಲ. ಒಂದು ಚೌಕದೊಳಗೆ ಹಿಗ್ಗು–ಕುಗ್ಗಿನ ವ್ಯತ್ಯಾಸ ಲೆಕ್ಕಕ್ಕೆ ಬಾರದಷ್ಟು ಚಿಕ್ಕದು. ಲಂಬ ಗೆರೆಗಳು ಕೂಡ ಇಂಥ ಚಿತ್ರದಲ್ಲಿ ಮೇಲೆ ಹೋದಂತೆ ಒಂದಕ್ಕೊಂದು ಹತ್ತಿರವಾಗುತ್ತವೆ, ಆದ್ದರಿಂದ ಕಾಲವನ್ನು ಓದುವಾಗಲೂ ಬಿಂದುವಿನ ಪಕ್ಕದ ಗೆರೆಯನ್ನು ಹಿಡಿದೇ ಅಕ್ಷದವರೆಗೆ ಇಳಿಯಬೇಕು.

ಮೊಬೈಲಿನಲ್ಲಿ ದಾಖಲೆ ಸ್ಕ್ಯಾನ್ ಮಾಡುವ ಸೌಲಭ್ಯವಿದ್ದರೆ, ನಕ್ಷೆಯ ಚೌಕಟ್ಟಿನ ನಾಲ್ಕು ಮೂಲೆಗಳನ್ನು ಹಿಡಿದು ಎಳೆದು ಚಿತ್ರವನ್ನು ಆಯತಾಕಾರಕ್ಕೆ ತರಬಹುದು. ಹಾಳೆ ಸಮತಟ್ಟಾಗಿದ್ದರೆ ಈ ತಿದ್ದುಪಡಿ ಚೆನ್ನಾಗಿ ಕೆಲಸ ಮಾಡುತ್ತದೆ. ತಿದ್ದಿದ ಮೇಲೆ ಮೊದಲ ಮತ್ತು ಕೊನೆಯ ಕಿಲೋಮೀಟರುಗಳು ಒಂದೇ ಎತ್ತರಕ್ಕೆ ಬಂದಿವೆಯೇ ಎಂದು ಒಮ್ಮೆ ಅಳೆದು ನೋಡುವುದು ಕ್ಷೇಮ.

ನಕ್ಷೆಯಲ್ಲಿ ಚೌಕಗಳೇ ಇಲ್ಲ. ಅಕ್ಷಗಳ ಮೇಲೆ ಕೆಲವು ಸಂಖ್ಯೆಗಳು ಮಾತ್ರ ಇವೆ. ಆಗ ಏನು ಮಾಡಬೇಕು?

ಆಗ ಪಿಕ್ಸೆಲ್ ಎಣಿಸುವುದೇ ದಾರಿ. ಚಿತ್ರವನ್ನು ಕಂಪ್ಯೂಟರಿನ ಸಾಮಾನ್ಯ ಚಿತ್ರ ತಿದ್ದುವ ತಂತ್ರಾಂಶದಲ್ಲಿ ತೆರೆದು ಬಾಣದ ಗುರುತನ್ನು ಬಿಂದುವಿನ ಮೇಲಿಟ್ಟರೆ, ಅದರ ಅಡ್ಡ ಮತ್ತು ಉದ್ದದ ಸ್ಥಾನ ಪಿಕ್ಸೆಲ್‌ಗಳಲ್ಲಿ ಕಾಣುತ್ತದೆ. ಮೊದಲು ಚಿತ್ರವನ್ನು ತಿರುಗಿಸಿ ಅಡ್ಡ ಅಕ್ಷವನ್ನು ಮಟ್ಟಸಗೊಳಿಸಿಕೊಳ್ಳಿ.

ನಮ್ಮ ನಕ್ಷೆಯನ್ನು ನೇರವಾಗಿ ಮೇಲಿನಿಂದ ತೆಗೆದ ಫೋಟೊದಲ್ಲಿ ಮೂಲಬಿಂದು (210, 1490) ಎಂಬಲ್ಲಿದೆ, 40 ನಿಮಿಷದ ಗುರುತು ಅಡ್ಡಕ್ಕೆ 1810ರಲ್ಲಿದೆ, 6 ಕಿ.ಮೀ. ಗುರುತು ಉದ್ದಕ್ಕೆ 290ರಲ್ಲಿದೆ ಎನ್ನೋಣ. ಹಾಗಾದರೆ 1600 ಪಿಕ್ಸೆಲ್‌ಗೆ 40 ನಿಮಿಷ, ಅಂದರೆ ನಿಮಿಷಕ್ಕೆ 40 ಪಿಕ್ಸೆಲ್. 1200 ಪಿಕ್ಸೆಲ್‌ಗೆ 6 ಕಿ.ಮೀ., ಅಂದರೆ ಕಿಲೋಮೀಟರಿಗೆ 200 ಪಿಕ್ಸೆಲ್. B ಬಿಂದು (850, 1090) ಎಂಬಲ್ಲಿಯೂ C ಬಿಂದು (1330, 490) ಎಂಬಲ್ಲಿಯೂ ಇದ್ದರೆ ಲೆಕ್ಕ ಹೀಗೆ:

```
t_B = (850 - 210) / 40   = 16
s_B = (1490 - 1090) / 200 = 2.0
t_C = (1330 - 210) / 40  = 28
s_C = (1490 - 490) / 200  = 5.0
v   = (5.0 - 2.0) / (28 - 16) = 0.25
```

ಉದ್ದದ ಪಿಕ್ಸೆಲ್‌ಗಳನ್ನು ಕಂಪ್ಯೂಟರು ಮೇಲಿನಿಂದ ಕೆಳಕ್ಕೆ ಎಣಿಸುತ್ತದೆ. ಆದ್ದರಿಂದಲೇ ಮೂಲಬಿಂದುವಿನ 1490ರಿಂದ ಬಿಂದುವಿನ ಸ್ಥಾನವನ್ನು ಕಳೆಯಲಾಗಿದೆ. ಇದನ್ನು ತಿರುವುಮುರುವು ಮಾಡಿದರೆ ಏರುವ ಗೆರೆಗಳೆಲ್ಲ ಋಣ ಇಳಿಜಾರಿನವಾಗಿ ಬರುತ್ತವೆ. ಎರಡು ಅಕ್ಷಗಳಿಗೂ ಪ್ರಮಾಣವನ್ನು ಬೇರೆ ಬೇರೆಯಾಗಿ ತೆಗೆದಿರುವುದರಿಂದ ಇನ್ನೊಂದು ಲಾಭವಿದೆ: ವರ್ಡ್ ಕಡತಕ್ಕೆ ಅಂಟಿಸುವಾಗ ಯಾರಾದರೂ ಚಿತ್ರವನ್ನು ಒಂದು ಪಕ್ಕಕ್ಕೆ ಎಳೆದು ಅಗಲ ಮಾಡಿದ್ದರೂ ಉತ್ತರ ಕೆಡುವುದಿಲ್ಲ. ಆದರೆ ಈ ವಿಧಾನ ಹಿಂದಿನ ಪ್ರಶ್ನೆಯಲ್ಲಿ ಹೇಳಿದ ಓರೆ ಫೋಟೊಗೆ ಸಲ್ಲದು. ಅದನ್ನು ತಿಳಿಯಲು ಅಕ್ಷದ ನಡುವಿನ ಒಂದು ಗುರುತನ್ನು ಪರೀಕ್ಷಿಸಿ: 3 ಕಿ.ಮೀ. ಗುರುತು 0 ಮತ್ತು 6ರ ಸರಿಯಾದ ನಡುವೆ, ಅಂದರೆ 890ರಲ್ಲಿ ಇರಬೇಕು. ಹತ್ತಾರು ಪಿಕ್ಸೆಲ್ ಆಚೀಚೆ ಇದ್ದರೆ ಮೊದಲು ಚಿತ್ರವನ್ನು ನೇರಗೊಳಿಸದೆ ಮುಂದುವರಿಯಬಾರದು.

ಒಂದು ಹಂತದ ಗೆರೆ ಬಾಗಿದಂತೆ ಕಾಣುತ್ತದೆ. ಜವ ಬದಲಾಗುತ್ತಿದೆಯೋ, ಫೋಟೊ ಬಾಗಿದೆಯೋ?

ಪಕ್ಕದಲ್ಲಿರುವ ಅಚ್ಚಿನ ಗೆರೆಗಳನ್ನು ನೋಡಿ. ಹಾಳೆ ಸಮತಟ್ಟಾಗಿದ್ದರೆ, ಎಷ್ಟೇ ಓರೆಯಾಗಿ ತೆಗೆದರೂ ನೇರ ಗೆರೆ ಫೋಟೊದಲ್ಲಿ ನೇರವಾಗಿಯೇ ಉಳಿಯುತ್ತದೆ. ಅದು ಬಾಗಬೇಕಾದರೆ ಪುಸ್ತಕದ ಪುಟ ಹೊಲಿಗೆಯ ಹತ್ತಿರ ಉಬ್ಬಿರಬೇಕು, ಇಲ್ಲವೇ ತೀರ ಹತ್ತಿರದಿಂದ ಅಗಲ ಕೋನದ ಮಸೂರದಲ್ಲಿ ತೆಗೆದಿರಬೇಕು. ಈ ಎರಡು ಸಂದರ್ಭಗಳಲ್ಲಿಯೂ ನಕ್ಷೆಯ ಚೌಕಗಳ ಗೆರೆಗಳೂ ಅಲ್ಲಿಯೇ ಬಾಗಿರುತ್ತವೆ. ಚೌಕಗಳು ನೇರವಾಗಿದ್ದು ಚಲನೆಯ ಗೆರೆ ಮಾತ್ರ ಬಾಗಿದ್ದರೆ ಜವ ನಿಜವಾಗಿಯೂ ಬದಲಾಗುತ್ತಿದೆ.

ಹಾಗೆ ಬಾಗಿದ ಹಂತಕ್ಕೆ ಒಂದೇ ಜವ ಎಂಬುದಿಲ್ಲ. ಎರಡು ತುದಿಗಳನ್ನು ಸೇರಿಸುವ ನೇರ ಗೆರೆಯ ಇಳಿಜಾರು ಆ ಹಂತದ ಸರಾಸರಿ ಜವವನ್ನು ಕೊಡುತ್ತದೆ. ಒಂದು ನಿರ್ದಿಷ್ಟ ಗಳಿಗೆಯ ಜವ ಬೇಕಾದರೆ ಅಲ್ಲಿ ವಕ್ರರೇಖೆಗೆ ಸ್ಪರ್ಶಕ ಎಳೆದು ಅದರ ಇಳಿಜಾರನ್ನು ತೆಗೆಯಬೇಕು.

ಅಕ್ಷದ ಸಂಖ್ಯೆಗಳು ಫೋಟೊದಲ್ಲಿ ಕತ್ತರಿಸಿಹೋಗಿವೆ.

ಮೂಲಬಿಂದು ಮಾತ್ರ ಕಾಣದಿದ್ದರೆ ಚಿಂತೆಯಿಲ್ಲ, ಏಕೆಂದರೆ ಇಳಿಜಾರಿಗೆ ಬೇಕಾದದ್ದು ವ್ಯತ್ಯಾಸಗಳು. ಪ್ರತಿ ಅಕ್ಷದಲ್ಲಿ ಯಾವುದಾದರೂ ಎರಡು ಸಂಖ್ಯೆಗಳು ಉಳಿದಿದ್ದರೆ ಸಾಕು. ಒಂದು ಅಕ್ಷದ ಎಲ್ಲ ಸಂಖ್ಯೆಗಳೂ ಹೋಗಿದ್ದರೆ ಜವದ ಬೆಲೆಯನ್ನು ಹೇಳುವುದು ಅಸಾಧ್ಯ. ಆದರೂ ನೇರವಾಗಿ ತೆಗೆದ ಫೋಟೊ ಆಗಿದ್ದರೆ ಹಂತಗಳ ಜವಗಳ ಅನುಪಾತವನ್ನು ಹೇಳಬಹುದು: ಮೂರನೆಯ ಹಂತದ ಗೆರೆ 480 ಪಿಕ್ಸೆಲ್ ಅಡ್ಡಕ್ಕೆ 600 ಪಿಕ್ಸೆಲ್ ಏರಿ, ನಾಲ್ಕನೆಯದು ಅಷ್ಟೇ ಅಡ್ಡಕ್ಕೆ 240 ಪಿಕ್ಸೆಲ್ ಏರಿದ್ದರೆ, ಒಂದರ ಜವ ಇನ್ನೊಂದರ ಎರಡೂವರೆ ಪಟ್ಟು.

ಗೆರೆ ಕೆಳಕ್ಕೆ ಇಳಿದರೆ ಜವ ಋಣವೇ?

ಅಲ್ಲ. ಒಟ್ಟು ಚಲಿಸಿದ ದೂರ ಎಂದಿಗೂ ಕಡಿಮೆಯಾಗುವುದಿಲ್ಲ, ಆದ್ದರಿಂದ ಇಳಿಯುವ ಗೆರೆ ಇದ್ದರೆ ಲಂಬ ಅಕ್ಷದಲ್ಲಿರುವುದು ‘ಮನೆಯಿಂದ ಇರುವ ದೂರ’ ಎಂದು ತಿಳಿಯಬೇಕು. ಪಠ್ಯಗಳು ಅದನ್ನೂ ಎಷ್ಟೋ ಸಲ ‘ದೂರ’ ಎಂದೇ ಬರೆದುಬಿಡುತ್ತವೆ. ಇಳಿಜಾರಿನ ಬೆಲೆ ಜವವನ್ನು ಹೇಳುತ್ತದೆ. ಋಣ ಚಿಹ್ನೆ ಹಿಂದಿರುಗುತ್ತಿದ್ದಾರೆ ಎಂಬುದನ್ನಷ್ಟೇ ಹೇಳುತ್ತದೆ. ಸರಿಯಾಗಿ ಲಂಬವಾದ ಗೆರೆಯೇನಾದರೂ ಕಂಡರೆ ಅದು ನಕ್ಷೆ ಬರೆದವರ ತಪ್ಪು, ಕಾಲ ಕಳೆಯದೆ ಯಾರೂ ದೂರ ಸಾಗಲಾರರು.

ನಾಲ್ಕು ಹಂತಗಳ ಜವವನ್ನು ಕೂಡಿಸಿ ನಾಲ್ಕರಿಂದ ಭಾಗಿಸಿದರೆ ಸರಾಸರಿ ಜವ ಬರುತ್ತದೆಯೇ?

ಇಲ್ಲ. 12, 0, 15 ಮತ್ತು 6ರ ಸರಾಸರಿ 8.25. ಆದರೆ ಹುಡುಗಿ 40 ನಿಮಿಷಕ್ಕೆ 6.2 ಕಿ.ಮೀ. ಸಾಗಿದ್ದಾಳೆ, ಅಂದರೆ ಗಂಟೆಗೆ 9.3 ಕಿ.ಮೀ. ಹಂತಗಳು ಬೇರೆ ಬೇರೆ ಹೊತ್ತು ನಡೆದಿರುವುದರಿಂದ ಅವುಗಳ ತೂಕ ಸಮನಲ್ಲ. ಒಟ್ಟು ಸರಾಸರಿಯನ್ನು O ಮತ್ತು D ಬಿಂದುಗಳನ್ನು ಸೇರಿಸುವ ಗೆರೆಯ ಇಳಿಜಾರಿನಿಂದ ನೇರವಾಗಿ ತೆಗೆಯಬೇಕು. ನಿಂತಿದ್ದ 6 ನಿಮಿಷವೂ ಅದರಲ್ಲಿ ಸೇರಿರುತ್ತದೆ.

ಹೀಗೆ ತೆಗೆದ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬಹುದು?

ಒಂದು ಬಿಂದುವನ್ನು ಅರ್ಧ ಸಣ್ಣ ಚೌಕದಷ್ಟು ಆಚೀಚೆ ಓದುವ ಸಾಧ್ಯತೆ ಯಾವಾಗಲೂ ಇರುತ್ತದೆ ಎಂದು ಇಟ್ಟುಕೊಳ್ಳಿ. ನಮ್ಮ ನಕ್ಷೆಯಲ್ಲಿ ಅದು 0.05 ಕಿ.ಮೀ. ಮತ್ತು ಕಾಲು ನಿಮಿಷ. ಎರಡು ತುದಿಗಳ ದೋಷಗಳು ವಿರುದ್ಧ ದಿಕ್ಕಿನಲ್ಲಿ ಬಿದ್ದು ಒಂದಕ್ಕೊಂದು ಕೂಡಿಕೊಂಡ ಕೆಟ್ಟ ಸಂದರ್ಭದಲ್ಲಿ ಮೂರನೆಯ ಹಂತದ 3.0 ಕಿ.ಮೀ. 3.1 ಆಗಿ, 12 ನಿಮಿಷ 11.5 ಆಗಿ ಓದಿಸಿಕೊಳ್ಳಬಹುದು, ಅಥವಾ 2.9 ಮತ್ತು 12.5 ಆಗಬಹುದು. ಹಾಗಾಗಿ 15 ಎಂಬ ಉತ್ತರ ಸುಮಾರು 14 ಮತ್ತು 16ರ ನಡುವೆ ಎಲ್ಲಿಯಾದರೂ ಇರಬಹುದು. ಕೊನೆಯ ಹಂತದಲ್ಲಿ ದೂರ ಕಡಿಮೆ ಇರುವುದರಿಂದ ಅದೇ ಅರ್ಧ ಚೌಕ ಹೆಚ್ಚು ಕಾಡುತ್ತದೆ. 6 ಎಂಬುದು 5.3ರಿಂದ 6.8ರವರೆಗೆ ಓಡಾಡುತ್ತದೆ. ಎರಡೇ ನಿಮಿಷ ನಡೆದ ಹಂತವಿದ್ದರೆ ಕಾಲದ ದೋಷವೊಂದೇ ಕಾಲು ಭಾಗದಷ್ಟಾಗುತ್ತದೆ. ಇಂಥ ನಕ್ಷೆಯಿಂದ ತೆಗೆದ ಜವವನ್ನು 15.03 ಎಂದು ಎರಡು ದಶಮಾಂಶಗಳವರೆಗೆ ಬರೆಯುವುದರಲ್ಲಿ ಅರ್ಥವಿಲ್ಲ.

ನಿಜವಾದ ಓಟವೊಂದಕ್ಕೆ ಇದನ್ನು ಅನ್ವಯಿಸಿದರೆ ಮಿತಿ ಇನ್ನೂ ಸ್ಪಷ್ಟವಾಗುತ್ತದೆ. 2009ರ ಆಗಸ್ಟಿನಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದಾಗ, 20 ಮೀಟರು ದಾಟಿದ್ದು 2.89 ಸೆಕೆಂಡಿಗೆ, 40 ದಾಟಿದ್ದು 4.64ಕ್ಕೆ, 60 ದಾಟಿದ್ದು 6.31ಕ್ಕೆ, 80 ದಾಟಿದ್ದು 7.92ಕ್ಕೆ. ಈ ಅಂಕಿಗಳಿಂದ ನೇರವಾಗಿ ಲೆಕ್ಕ ಹಾಕಿದರೆ ಐದು ಹಂತಗಳ ಜವ ಸೆಕೆಂಡಿಗೆ 6.92, 11.43, 11.98, 12.42 ಮತ್ತು 12.05 ಮೀಟರು, ಅತಿ ಜವದ ಹಂತ 60ರಿಂದ 80 ಮೀಟರಿನದು.

ಈಗ ಅದನ್ನೇ 1 ಸೆಂ.ಮೀ.ಗೆ 1 ಸೆಕೆಂಡ್, 1 ಸೆಂ.ಮೀ.ಗೆ 10 ಮೀಟರು ಎಂಬ ಪ್ರಮಾಣದಲ್ಲಿ ಗ್ರಾಫ್ ಹಾಳೆಯ ಮೇಲೆ ಬರೆದು ಫೋಟೊ ತೆಗೆಯಿರಿ. ಒಂದು ಸಣ್ಣ ಚೌಕ 0.1 ಸೆಕೆಂಡ್. 60ರಿಂದ 80 ಮೀಟರಿನ 1.61 ಸೆಕೆಂಡನ್ನು 1.51 ಎಂದೋ 1.71 ಎಂದೋ ಓದಿದರೆ ಜವ 13.2ರಿಂದ 11.7ರವರೆಗೆ ಎಲ್ಲಿ ಬೇಕಾದರೂ ಬರಬಹುದು. ಅದರ ಹಿಂದಿನ ಹಂತದ 1.67 ಸೆಕೆಂಡಿಗೂ ಇದೇ ಗತಿ, 12.7ರಿಂದ 11.3. ಈ ಎರಡು ವ್ಯಾಪ್ತಿಗಳು ಒಂದರ ಮೇಲೊಂದು ಬೀಳುವುದರಿಂದ, ಯಾವ ಹಂತದಲ್ಲಿ ಬೋಲ್ಟ್ ಅತಿ ಜವದಲ್ಲಿದ್ದರು ಎಂಬ ಪ್ರಶ್ನೆಗೆ ಆ ಫೋಟೊದಿಂದ ಉತ್ತರ ಸಿಗುವುದಿಲ್ಲ. ಹಾಳೆಯ ಮೇಲೆ 20 ಮೀಟರಿನಿಂದಾಚೆಗೆ ಗೆರೆ ಹೆಚ್ಚುಕಡಿಮೆ ನೇರವಾಗಿಯೇ ಕಾಣುತ್ತದೆ. ಆ ನೇರ ಭಾಗವನ್ನು ಒಂದೇ ಹಂತವೆಂದು ತೆಗೆದುಕೊಂಡರೆ ಮಾತ್ರ 6.69 ಸೆಕೆಂಡಿಗೆ 80 ಮೀಟರು, ಸೆಕೆಂಡಿಗೆ ಸುಮಾರು 12 ಮೀಟರು ಎಂಬ ಉತ್ತರ ಗಟ್ಟಿಯಾಗಿ ನಿಲ್ಲುತ್ತದೆ, ಏಕೆಂದರೆ ಅಷ್ಟು ಉದ್ದದ ಗೆರೆಯಲ್ಲಿ ಅದೇ ದೋಷ ಉತ್ತರವನ್ನು 11.8 ಮತ್ತು 12.1ರ ಆಚೆಗೆ ತಳ್ಳಲಾರದು. ಮೊದಲ 20 ಮೀಟರಿನ 6.92 ಎಂಬುದಂತೂ ಬಾಗಿದ ಗೆರೆಯ ಸರಾಸರಿ. ಪಿಸ್ತೂಲು ಸದ್ದಾದ ಮೇಲೆ ಬೋಲ್ಟ್ ಕದಲುವ ಮುನ್ನ ಕಳೆದ 0.146 ಸೆಕೆಂಡೂ ಅದರಲ್ಲಿ ಸೇರಿದೆ, ಮತ್ತು ಗ್ರಾಫ್ ಹಾಳೆಯಲ್ಲಿ ಅದು ಕಾಲದ ಅಕ್ಷಕ್ಕೆ ಅಂಟಿಕೊಂಡ ಒಂದೂವರೆ ಸಣ್ಣ ಚೌಕದ ಗೆರೆಯಾಗಿರುತ್ತದೆ.